ಒಂಬತ್ತು ಪೇಪರ್ ಆರಾದ ಬಗೆ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ. ಮುಗಿಸಿದ ಯಾರದಾದರೂ ಬಯೋಡೇಟಾ ತೆಗೆದು ನೋಡಿ. ಬಲಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಯ ಫೋಟೊ. ಕೆಳಗೆ ತಂದೆಯ ಹೆಸರು, ಹುಟ್ಟಿದ ದಿನ, ಮೀಸಲಾತಿ ವರ್ಗ, ಮದುವೆ ಆಗಿದೆಯೋ ಇಲ್ಲವೋ, ಕಾಯಂ ವಿಳಾಸ, ತಾತ್ಕಾಲಿಕ ವಿಳಾಸ. ಆಮೇಲೆ ಎಸ್ಸೆಸ್ಸೆಲ್ಸಿಯಿಂದ ಶುರುವಾಗುವ ಅಂಕಗಳ ಕೋಷ್ಟಕ. ಹಾಜರಾದ ಕಾರ್ಯಾಗಾರಗಳ ಪಟ್ಟಿಯೇ ಒಂದು ಪುಟ. ಸಂಶೋಧನೆ ಏನು ಮಾಡಿದರು ಎಂಬ ಮಾತು ಬರುವುದು ಮೂರನೆಯ ಪುಟಕ್ಕೆ, ಪ್ರಕಟವಾದ ಪೇಪರುಗಳು ನಾಲ್ಕನೆಯದಕ್ಕೆ. ಕೊನೆಯಲ್ಲಿ ಮೇಲಿನದೆಲ್ಲ ಸತ್ಯವೆಂಬ ಡಿಕ್ಲರೇಷನ್, ಸ್ಥಳ, ದಿನಾಂಕ, ಸಹಿ.

ಇದನ್ನು ತಪ್ಪು ಅನ್ನಲಾಗದು. ಸರ್ಕಾರಿ ಕಾಲೇಜಿನ ಹುದ್ದೆಗೆ ಅರ್ಜಿ ಹಾಕಿ ಹಾಕಿ ಆ ಅರ್ಜಿಯ ನಮೂನೆಯೇ ನಮ್ಮ ಕೈಗೆ ಕೂತುಬಿಟ್ಟಿದೆ. ತೊಂದರೆ ಬರುವುದು ಪೋಸ್ಟ್‌ಡಾಕ್ಟರಲ್ ಕೆಲಸದ ಜಾಹೀರಾತೊಂದು 'ಪ್ರಕಟಣೆಗಳ ಪಟ್ಟಿ ಸೇರಿ ಎರಡು ಪುಟದ ಸಿವಿ ಕಳಿಸಿ' ಎಂದಾಗ. ಬೆಂಗಳೂರಿನ ಸಂಶೋಧನಾ ಸಂಸ್ಥೆಯಾದರೂ ಅಷ್ಟೆ, ಜರ್ಮನಿಯ ಪ್ರಯೋಗಾಲಯವಾದರೂ ಅಷ್ಟೆ, ಎರಡು ಎಂದರೆ ಎರಡೇ. ಆಗ ಹೆಚ್ಚಿನವರು ಅದೇ ಐದು ಪುಟವನ್ನು ತೆರೆದು ಅಕ್ಷರದ ಗಾತ್ರವನ್ನು ಹನ್ನೆರಡರಿಂದ ಒಂಬತ್ತಕ್ಕೆ ಇಳಿಸುತ್ತಾರೆ, ಅಂಚುಗಳನ್ನು ಅರ್ಧ ಇಂಚಿಗೆ ತರುತ್ತಾರೆ. ಪುಟವೇನೋ ಎರಡೇ ಆಗುತ್ತದೆ. ಓದುವವರು ಕನ್ನಡಕ ಹುಡುಕುತ್ತಾರೆ.

ನನಗೆ ಪರಿಚಯದ ಸಸ್ಯಶಾಸ್ತ್ರದ ವಿದ್ಯಾರ್ಥಿನಿಯೊಬ್ಬರ ಸಿವಿಯನ್ನೇ ಮುಂದಿಟ್ಟುಕೊಂಡು ಈ ಕೆಲಸ ಹೇಗೆ ನಡೆಯುತ್ತದೆಂದು ಹೇಳುತ್ತೇನೆ. ಅವರ ಹೆಸರು ಇಲ್ಲಿ ಬೇಡ. ಐದು ಪುಟ, ಪಟ್ಟಿಯಲ್ಲಿ ಒಂಬತ್ತು ಪೇಪರ್. ಎರಡು ಪುಟಕ್ಕೆ ಇಳಿಸುವಾಗ ಮೊದಲು ಕೈಹಚ್ಚಬೇಕಾದದ್ದು ಅಕ್ಷರದ ಗಾತ್ರಕ್ಕಲ್ಲ, ಸಾಲುಗಳ ಲೆಕ್ಕಕ್ಕೆ.

ಎ4 ಹಾಳೆಯ ಎತ್ತರ 297 ಮಿಲಿಮೀಟರ್. ಮೇಲೆ ಕೆಳಗೆ 25 ಮಿಲಿಮೀಟರ್ ಅಂಚು ಬಿಟ್ಟರೆ ಬರೆಯಲು ಸಿಗುವುದು 247. ಹನ್ನೊಂದು ಪಾಯಿಂಟ್ ಅಕ್ಷರಕ್ಕೆ ಹದಿನಾಲ್ಕು ಪಾಯಿಂಟ್ ಸಾಲಿನ ಅಂತರ ಕೊಟ್ಟರೆ ಒಂದು ಸಾಲು ಹೆಚ್ಚುಕಡಿಮೆ ಐದು ಮಿಲಿಮೀಟರ್ ತಿನ್ನುತ್ತದೆ. ಅಂದರೆ ಪುಟಕ್ಕೆ ಐವತ್ತು ಸಾಲು, ಒಟ್ಟು ನೂರು. ಇಡೀ ವಿದ್ಯಾಭ್ಯಾಸ, ಸಂಶೋಧನೆ, ಪಾಠ, ಪ್ರಕಟಣೆ ಎಲ್ಲವೂ ಈ ನೂರು ಸಾಲಿನಲ್ಲಿ ಕೂರಬೇಕು. ಹಾಗೆ ನೋಡಿದಾಗ ತಂದೆಯ ಹೆಸರಿಗೆ ಒಂದು ಸಾಲು, ಎರಡು ವಿಳಾಸಕ್ಕೆ ಎಂಟು ಸಾಲು, ಡಿಕ್ಲರೇಷನ್ನಿಗೆ ಐದು ಸಾಲು ಕೊಡಲು ಮನಸ್ಸು ಬರುವುದಿಲ್ಲ. ಅವೆಲ್ಲ ಬೇಕಾದರೆ ಸಂಸ್ಥೆಯ ಅರ್ಜಿ ನಮೂನೆಯೇ ಕೇಳುತ್ತದೆ, ಅಲ್ಲಿ ತುಂಬಿದರಾಯಿತು.

ಅವರ ಸಿವಿಗೆ ನಾವು ಹೀಗೆ ಹಂಚಿದೆವು: ಹೆಸರು ಮತ್ತು ಸಂಪರ್ಕಕ್ಕೆ ಐದು ಸಾಲು, ವಿದ್ಯಾಭ್ಯಾಸಕ್ಕೆ ಹತ್ತು, ಸಂಶೋಧನಾ ಅನುಭವಕ್ಕೆ ಹದಿನೆಂಟು, ಫೆಲೋಶಿಪ್ ಮತ್ತು ಪ್ರಶಸ್ತಿಗೆ ಏಳು, ಪಾಠ ಮಾಡಿದ್ದಕ್ಕೆ ಆರು. ಇಲ್ಲಿಗೆ ನಲವತ್ತಾರು, ಮೊದಲ ಪುಟ ಮುಗಿಯಿತು. ಎರಡನೆಯ ಪುಟದ ನೆತ್ತಿಯಲ್ಲೇ ಪ್ರಕಟಣೆಗಳು, ಅದಕ್ಕೆ ಮೂವತ್ತು ಸಾಲು. ಆಮೇಲೆ ಸಮ್ಮೇಳನದ ಭಾಷಣಗಳಿಗೆ ಆರು, ಪ್ರಯೋಗಾಲಯದ ಕೌಶಲಗಳಿಗೆ ಮೂರು, ಅವರ ಬಗ್ಗೆ ಕೇಳಿ ತಿಳಿಯಬಹುದಾದ ಮೂವರು ಪ್ರಾಧ್ಯಾಪಕರ ಹೆಸರಿಗೆ ಏಳು. ಅದೂ ನಲವತ್ತಾರು. ಶೀರ್ಷಿಕೆಯ ಸಾಲು, ಮೇಲಿನ ಖಾಲಿ ಜಾಗ ಎಲ್ಲ ಈ ಲೆಕ್ಕದೊಳಗೇ ಇವೆ. ಪ್ರತಿ ಪುಟದಲ್ಲಿ ನಾಲ್ಕು ಸಾಲು ಉಳಿಸಿದ್ದಕ್ಕೆ ಕಾರಣವಿದೆ. ಅಮೆರಿಕದವರು ಬಳಸುವ ಲೆಟರ್ ಅಳತೆಯ ಹಾಳೆ ಎ4ಗಿಂತ 18 ಮಿಲಿಮೀಟರ್ ಗಿಡ್ಡ, ಅದರಲ್ಲಿ ಹಿಡಿಸುವುದು ನಲವತ್ತಾರೇ ಸಾಲು. ಒತ್ತೊತ್ತಾಗಿ ತುಂಬಿದ ಫೈಲನ್ನು ಆ ಅಳತೆಗೆ ಬದಲಿಸಿದರೆ ಕೊನೆಯ ಪ್ರಾಧ್ಯಾಪಕರ ಇಮೇಲ್ ಒಂಟಿಯಾಗಿ ಮೂರನೆಯ ಪುಟಕ್ಕೆ ಹೋಗಿ ಬೀಳುತ್ತದೆ.

ಪ್ರಕಟಣೆಗಳನ್ನು ಎರಡನೆಯ ಪುಟಕ್ಕೆ ಹಾಕಿದ್ದನ್ನು ಒಪ್ಪದವರೂ ಇದ್ದಾರೆ. ವಿಜ್ಞಾನದ ಲ್ಯಾಬ್ ನಡೆಸುವವರು ಮೊದಲು ಹುಡುಕುವುದು ಪೇಪರುಗಳನ್ನೇ ಎನ್ನುವುದು ಅವರ ವಾದ. ನನ್ನ ಅನುಭವದಲ್ಲಿ ಪಟ್ಟಿ ಒಂದು ಪುಟದ ತಳದಲ್ಲಿ ಶುರುವಾಗಿ ಇನ್ನೊಂದರ ನೆತ್ತಿಯಲ್ಲಿ ಮುಗಿಯುವುದು ಎಲ್ಲಕ್ಕಿಂತ ಕೆಟ್ಟದ್ದು. ಪುಟ ತಿರುಗಿಸಿದ ಕೂಡಲೇ ಇಡೀ ಪಟ್ಟಿ ಒಂದೇ ನೋಟಕ್ಕೆ ಸಿಗುವುದಾದರೆ ಎರಡನೆಯ ಪುಟ ಅಂಥ ದೂರವೇನಲ್ಲ.

ಇನ್ನು ಆ ಒಂಬತ್ತು ಪೇಪರ್. ನಿಜವಾದ ಕೆಲಸ ಇದ್ದದ್ದು ಇಲ್ಲಿ.

ಪಟ್ಟಿಯನ್ನು ಮೊದಲ ಸಲ ನೋಡಿದಾಗಲೇ ಅದು ಒಂದು ಕೈಯಿಂದ ಬಂದದ್ದಲ್ಲ ಎಂದು ಗೊತ್ತಾಗುತ್ತಿತ್ತು. ಎರಡು ನಮೂದುಗಳು ಗೂಗಲ್ ಸ್ಕಾಲರ್‌ನಿಂದ ನಕಲಾಗಿದ್ದವು, ಅವುಗಳಲ್ಲಿ ವರ್ಷ ಕೊನೆಯ ಭಾಗದಲ್ಲಿತ್ತು. ಮೂರು ನಮೂದುಗಳು ಜರ್ನಲ್‌ಗಳ ತಾಣದಿಂದ ಬಂದಿದ್ದವು, ಅಲ್ಲಿ ವರ್ಷ ಲೇಖಕರ ಹೆಸರಿನ ಪಕ್ಕವೇ ಇತ್ತು. ಉಳಿದವನ್ನು ಅವರೇ ಟೈಪ್ ಮಾಡಿದ್ದರು. ಒಂದರಲ್ಲಿ ಜರ್ನಲ್ ಹೆಸರು ಓರೆ ಅಕ್ಷರದಲ್ಲಿ, ಇನ್ನೊಂದರಲ್ಲಿ ಲೇಖನದ ಹೆಸರು ಓರೆ ಅಕ್ಷರದಲ್ಲಿ. ಒಂದು ಕಡೆ ಲೇಖಕರೆಲ್ಲರ ಹೆಸರು, ಇನ್ನೊಂದು ಕಡೆ ಮೊದಲ ಹೆಸರಿನ ನಂತರ 'ಎಟ್ ಆಲ್'. ಆ 'ಎಟ್ ಆಲ್' ಒಳಗೆ ಮುಚ್ಚಿಹೋಗಿದ್ದದ್ದು ಇವರದೇ ಹೆಸರು!

ಉಲ್ಲೇಖ ಶೈಲಿ ಎಂಬುದರ ಬಗ್ಗೆ ನಮ್ಮಲ್ಲಿ ಒಂದು ಬೇಸರವಿದೆ, ಅಲ್ಪವಿರಾಮ ಎಲ್ಲಿ, ಪೂರ್ಣವಿರಾಮ ಎಲ್ಲಿ ಎಂದು ಗೈಡ್ ಬೈದ ನೆನಪಿನ ಬೇಸರ. ಆದರೆ ಸಿವಿಯಲ್ಲಿ ಅದರ ಕೆಲಸ ಬೇರೆ. ರೈಲ್ವೆ ವೇಳಾಪಟ್ಟಿ ನೋಡುವವರು ಒಂದೊಂದು ಸಾಲನ್ನೂ ಓದುವುದಿಲ್ಲ, ಹೊರಡುವ ಸಮಯ ಯಾವ ಅಂಕಣದಲ್ಲಿದೆ ಎಂದು ಒಮ್ಮೆ ಗೊತ್ತಾದರೆ ಕಣ್ಣು ಅಲ್ಲೇ ಇಳಿಯುತ್ತಾ ಹೋಗುತ್ತದೆ. ಆಯ್ಕೆ ಸಮಿತಿಯವರ ಕಣ್ಣೂ ಹಾಗೆಯೇ. ಅವರಿಗೆ ಬೇಕಾದದ್ದು ಯಾವ ವರ್ಷ, ಇವರ ಹೆಸರು ಎಷ್ಟನೆಯದು, ಯಾವ ಜರ್ನಲ್, ಅಚ್ಚಾಗಿದೆಯೋ ಇನ್ನೂ ಬರಬೇಕೋ ಎಂಬ ನಾಲ್ಕು ಸಂಗತಿ. ಅವು ಪ್ರತಿ ನಮೂದಿನಲ್ಲೂ ಒಂದೇ ಜಾಗದಲ್ಲಿರಬೇಕು. ಯಾವ ಶೈಲಿ ಎಂಬುದು ಆಮೇಲಿನ ಪ್ರಶ್ನೆ.

ಒಂದೇ ಪೇಪರ್ ಎರಡು ಶೈಲಿಯಲ್ಲಿ ಹೇಗೆ ಕಾಣುತ್ತದೆ ನೋಡಿ. ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಸೇರಿ 1928ರ ಮಾರ್ಚ್ 31ರ ನೇಚರ್ ಸಂಚಿಕೆಯಲ್ಲಿ ಪ್ರಕಟಿಸಿದ ಪುಟ್ಟ ಟಿಪ್ಪಣಿ, ಆಮೇಲೆ ರಾಮನ್ ಪರಿಣಾಮ ಎಂದು ಹೆಸರಾದದ್ದರ ಸುದ್ದಿ ಅದರಲ್ಲಿದೆ. ಅಮೆರಿಕದ ಮನಶ್ಶಾಸ್ತ್ರ ಸಂಘದ ಎಪಿಎ ಶೈಲಿಯ ಏಳನೆಯ ಆವೃತ್ತಿಯಂತೆ ಅದು ಹೀಗೆ ಬರುತ್ತದೆ:

```
Raman, C. V., & Krishnan, K. S. (1928). A new type of secondary
radiation. Nature, 121(3048), 501–502.
https://doi.org/10.1038/121501c0
```

ವೈದ್ಯಕೀಯ ಜರ್ನಲ್‌ಗಳ ಸಂಪಾದಕರು 1978ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿ ಶುರುಮಾಡಿದ ಶೈಲಿಯಲ್ಲಿ ಅದೇ ಪೇಪರ್ ಇನ್ನೂ ಗಿಡ್ಡವಾಗುತ್ತದೆ:

```
Raman CV, Krishnan KS. A new type of secondary radiation.
Nature. 1928;121(3048):501-2.
```

ಎಪಿಎಯಲ್ಲಿ ವರ್ಷ ಹೆಸರುಗಳ ಪಕ್ಕ ಕಂಸದಲ್ಲಿ ಎದ್ದು ಕಾಣುತ್ತದೆ. ವ್ಯಾಂಕೂವರ್‌ನಲ್ಲಿ ಅದು ಜರ್ನಲ್ ಹೆಸರಿನ ಬಳಿಕ ಅಂಕೆಗಳ ನಡುವೆ ಅಡಗುತ್ತದೆ, ಆದರೆ ಜಾಗ ಉಳಿಯುತ್ತದೆ. ಲೇಖಕರು ಹತ್ತು ಹನ್ನೆರಡು ಮಂದಿ ಇರುವ ಜೀವವಿಜ್ಞಾನದ ಪೇಪರುಗಳಿಗೆ ಇದು ದೊಡ್ಡ ಅನುಕೂಲ. ನಿಮ್ಮ ವಿಷಯದವರು ಯಾವುದನ್ನು ನೋಡಿ ಪಳಗಿದ್ದಾರೋ ಅದನ್ನೇ ಹಿಡಿಯುವುದು ಲೇಸು. ಎಂಜಿನಿಯರುಗಳಿಗೆ ಐಇಇಇ, ಸಾಹಿತ್ಯದವರಿಗೆ ಎಂಎಲ್ಎ, ಚರಿತ್ರೆಯವರಿಗೆ ಶಿಕಾಗೊ. ನಮ್ಮ ಸಸ್ಯಶಾಸ್ತ್ರದವರು ಎಪಿಎ ಆರಿಸಿಕೊಂಡರು, ವರ್ಷ ಕಣ್ಣಿಗೆ ಬೀಳಲಿ ಎಂದು.

ಮೊದಲ ನಮೂದಿನ ಕೊನೆಯ ಸಾಲನ್ನು ಗಮನಿಸಿ. ಅದು ಡಿಒಐ, ಪ್ರತಿ ಪೇಪರಿಗೂ ಕೊಡುವ ಕಾಯಂ ಗುರುತಿನ ಸಂಖ್ಯೆ. ಓರೆಗೆರೆಯ ಮುಂಚಿನದು ಪ್ರಕಾಶಕರ ಗುರುತು. ಆಮೇಲಿನದನ್ನು ಪ್ರಕಾಶಕರು ತಮಗೆ ಬೇಕಾದಂತೆ ಇಡುತ್ತಾರೆ, ಈ ಪೇಪರಿನಲ್ಲಿ ಸಂಪುಟ 121, ಪುಟ 501 ಎಂಬುದು ಅದರಲ್ಲೇ ಕಾಣುತ್ತದೆ. ಜರ್ನಲ್‌ನ ತಾಣ ಬದಲಾದರೂ ಡಿಒಐ ಹೊಸ ಜಾಗಕ್ಕೆ ಕರೆದೊಯ್ಯುತ್ತದೆ. ಸಿವಿ ಬರೆದವರಿಗೆ ಇದರಿಂದ ಇನ್ನೊಂದು ಉಪಯೋಗವಿದೆ: ಪ್ರತಿ ಡಿಒಐಯನ್ನೂ ಒತ್ತಿ ತೆರೆದು ಅಲ್ಲಿರುವ ಸಂಪುಟ, ಪುಟ, ಲೇಖಕರ ಸಾಲನ್ನು ತಮ್ಮ ಪಟ್ಟಿಯ ಜೊತೆ ತಾಳೆ ನೋಡಬಹುದು. ನಮ್ಮ ಒಂಬತ್ತರಲ್ಲಿ ಒಂದರ ವರ್ಷ ಹೀಗೆ ತಾಳೆ ನೋಡಿದಾಗಲೇ ಸಿಕ್ಕಿಬಿದ್ದದ್ದು. ಪೇಪರ್ ಆನ್‌ಲೈನ್‌ನಲ್ಲಿ ಬಂದ ವರ್ಷ ಒಂದು, ಸಂಚಿಕೆ ಮತ್ತು ಪುಟಸಂಖ್ಯೆ ಸಿಕ್ಕಿದ್ದು ಮರುವರ್ಷ. ಸಂಪುಟ ಸಂಖ್ಯೆ ಬಂದ ಮೇಲೆ ಸಂಚಿಕೆಯ ವರ್ಷವನ್ನೇ ಹಾಕಬೇಕು.

ಲೇಖಕರ ಸಾಲಿನ ವಿಷಯಕ್ಕೆ ಬಂದರೆ, ಅದನ್ನು ಮುಚ್ಚಿಡುವುದರಿಂದ ಆಗುವ ನಷ್ಟ ನಮ್ಮ ದೇಶದಲ್ಲಿ ಅಂಕಗಳಲ್ಲೇ ಲೆಕ್ಕವಾಗುತ್ತದೆ. ಯುಜಿಸಿಯ 2018ರ ನಿಯಮಾವಳಿಯಂತೆ ಪೇಪರನ್ನು ಇಬ್ಬರು ಬರೆದಿದ್ದರೆ ಪ್ರತಿಯೊಬ್ಬರಿಗೂ ಅದರ ಅಂಕದಲ್ಲಿ ಶೇಕಡ 70. ಇಬ್ಬರಿಗಿಂತ ಹೆಚ್ಚಿದ್ದರೆ ಮೊದಲ ಅಥವಾ ಮುಖ್ಯ ಲೇಖಕರಿಗೆ, ಇಲ್ಲವೇ ಪತ್ರವ್ಯವಹಾರದ ಹೊಣೆ ಹೊತ್ತವರಿಗೆ ಶೇಕಡ 70, ಉಳಿದ ಒಬ್ಬೊಬ್ಬರಿಗೂ ಶೇಕಡ 30. ಆದ್ದರಿಂದ ಹೆಸರುಗಳು ಪೇಪರಿನಲ್ಲಿದ್ದ ಕ್ರಮದಲ್ಲೇ ಇರಬೇಕು, ತಮ್ಮ ಹೆಸರು ದಪ್ಪಕ್ಷರದಲ್ಲಿರಬೇಕು. ಪತ್ರವ್ಯವಹಾರದ ಲೇಖಕರ ಹೆಸರಿಗೊಂದು ನಕ್ಷತ್ರ ಚಿಹ್ನೆ ಹಾಕಿ, ಶೀರ್ಷಿಕೆಯ ಕೆಳಗೆ ಅದರರ್ಥವನ್ನು ಒಂದೇ ಸಾಲಿನಲ್ಲಿ ಹೇಳಿದರೆ ಸಾಕು. ಮೂವತ್ತು ಲೇಖಕರ ಪೇಪರಾಗಿದ್ದರೆ ಮೊದಲ ಮೂವರನ್ನು ಕೊಟ್ಟು, ಚುಕ್ಕಿಗಳನ್ನಿಟ್ಟು, ತಮ್ಮ ಹೆಸರನ್ನು ಹಾಕಿ, ಮೂವತ್ತರಲ್ಲಿ ಎಷ್ಟನೆಯವರೆಂದು ತಿಳಿಸುವುದು ಪ್ರಾಮಾಣಿಕ ದಾರಿ. ಇದು ಎಪಿಎ ಪುಸ್ತಕದಲ್ಲಿಲ್ಲ, ಅದು ಇಪ್ಪತ್ತು ಲೇಖಕರವರೆಗೂ ಎಲ್ಲರ ಹೆಸರನ್ನೂ ಬರೆಯಿರಿ ಎನ್ನುತ್ತದೆ. ಆದರೆ ಸಿವಿಯಲ್ಲಿ ಶೈಲಿಯನ್ನು ಇಷ್ಟು ಬಗ್ಗಿಸಿದರೆ ಯಾರೂ ತಪ್ಪೆನ್ನುವುದಿಲ್ಲ, ಎಲ್ಲ ನಮೂದಿಗೂ ಒಂದೇ ರೀತಿ ಬಗ್ಗಿಸಿದ್ದರೆ.

ಹೆಸರಿನ ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಈ ಶೈಲಿಗಳೆಲ್ಲ ಮನೆತನದ ಹೆಸರು ಕೊನೆಯಲ್ಲಿರುವ ಜನರಿಗಾಗಿ ಹುಟ್ಟಿದವು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಹಿಂದೋ ಮುಂದೋ ನಿಲ್ಲುತ್ತವೆ. ರಾಮನ್ ಅವರ ಹೆಸರಿನಲ್ಲಿ ಚಂದ್ರಶೇಖರ ಎಂಬುದು ತಂದೆಯದು, ಆದ್ದರಿಂದ ಮೇಲಿನ ನಮೂದಿನಲ್ಲಿ ಮನೆತನದ ಜಾಗದಲ್ಲಿ ಕೂತಿರುವುದು ಅವರ ಸ್ವಂತ ಹೆಸರು. ಅದರಿಂದ ಏನೂ ಕೆಡಲಿಲ್ಲ, ಏಕೆಂದರೆ ಅವರು ಸಿ. ವಿ. ರಾಮನ್ ಎಂದೇ ಬರೆಯುತ್ತಿದ್ದರು. ನಮ್ಮ ವಿದ್ಯಾರ್ಥಿನಿಯ ಎರಡು ಇನಿಷಿಯಲ್ಲುಗಳು ಒಂದು ಪೇಪರಿನಲ್ಲಿ ಹೆಸರಿನ ಮುಂದಿದ್ದವು, ಎರಡನೆಯದರಲ್ಲಿ ಹಿಂದೆ, ಮೂರನೆಯದರಲ್ಲಿ ಪ್ರಕಾಶಕರ ತಂತ್ರಾಂಶ ಕೊನೆಯ ಇನಿಷಿಯಲ್ಲನ್ನೇ ಮನೆತನದ ಹೆಸರೆಂದು ತಿಳಿದು ಒಂಟಿ ಅಕ್ಷರವನ್ನು ಮುಂದಕ್ಕೆ ತಂದಿತ್ತು. ಗೂಗಲ್ ಸ್ಕಾಲರ್‌ಗೆ ಅವರು ಮೂರು ಜನ.

ಅಚ್ಚಾದದ್ದನ್ನು ತಿದ್ದಲಾಗದು, ಸಿವಿಯಲ್ಲಿ ತಿರುಚಿ ಬರೆಯಲೂಬಾರದು. ಪೇಪರಿನಲ್ಲಿ ಇದ್ದಂತೆಯೇ ಹಾಕಿ ದಪ್ಪಕ್ಷರ ಮಾಡಬೇಕು, ಆಗ ಮೂರು ರೂಪವೂ ಒಬ್ಬರದೇ ಎಂದು ತಿಳಿಯುತ್ತದೆ. ಹೆಸರಿನ ಕೆಳಗೆ ಆರ್ಕಿಡ್ ಸಂಖ್ಯೆ ಕೊಡಬೇಕು. 2012ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ ಸಂಶೋಧಕರಿಗೆ ಹದಿನಾರು ಅಂಕಿಯ ಗುರುತು ಉಚಿತವಾಗಿ ಸಿಗುತ್ತದೆ, ಹೆಸರು ಎಷ್ಟು ಬಗೆಯಲ್ಲಿದ್ದರೂ ಪೇಪರುಗಳೆಲ್ಲ ಒಂದೇ ಕಡೆ ಸೇರುತ್ತವೆ. ಮುಂದಿನ ಪೇಪರಿನಿಂದಾದರೂ ಹೆಸರಿನ ಒಂದೇ ರೂಪಕ್ಕೆ ಅಂಟಿಕೊಳ್ಳಬೇಕು. ಇದನ್ನು ಪಿಎಚ್.ಡಿ.ಯ ಮೊದಲ ವರ್ಷದಲ್ಲೇ ಗೈಡುಗಳು ಹೇಳಿಬಿಟ್ಟರೆ ಎಷ್ಟೋ ತಲೆನೋವು ತಪ್ಪುತ್ತದೆ. ಯಾಕೋ ಯಾರೂ ಹೇಳುವುದಿಲ್ಲ.

ಒಂಬತ್ತು ಆರಾದದ್ದು ಶೈಲಿಯಿಂದಲ್ಲ, ವಿಂಗಡಣೆಯಿಂದ. ನಾಲ್ಕು ಪೇಪರ್ ಜರ್ನಲ್‌ನಲ್ಲಿ ಪ್ರಕಟವಾಗಿದ್ದವು, ಅವುಗಳ ಬಗ್ಗೆ ತಕರಾರಿಲ್ಲ. ಒಂದು ಸ್ವೀಕೃತವಾಗಿ ಅಚ್ಚಿಗೆ ಕಾದಿತ್ತು. ಅದಕ್ಕೆ ವರ್ಷದ ಜಾಗದಲ್ಲಿ 'ಇನ್ ಪ್ರೆಸ್' ಎಂದು ಬರೆದು ಜರ್ನಲ್ ಹೆಸರು ಕೊಡಬಹುದು, ಸಂಪಾದಕರ ಪತ್ರ ಕೈಯಲ್ಲಿರುವುದರಿಂದ. ಆರನೆಯದು ಪರಿಶೀಲನೆಯಲ್ಲಿತ್ತು. ಅವರು ಅದಕ್ಕೆ ಬಹಳ ದೊಡ್ಡ ಜರ್ನಲ್ ಒಂದರ ಹೆಸರು ಹಾಕಿದ್ದರು. ಕಳಿಸುವುದು ಯಾರ ಕೈಯಲ್ಲೂ ಇದೆ, ಹೀಗಾಗಿ ಆ ಹೆಸರಿನಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ, ಜಂಭ ಮಾತ್ರ ಕಾಣುತ್ತದೆ. ಎಪಿಎಯೂ ಜರ್ನಲ್ ಹೆಸರು ಬೇಡವೆಂದೇ ಹೇಳುತ್ತದೆ. ಹೆಸರು ತೆಗೆದು 'ಪರಿಶೀಲನೆಯಲ್ಲಿದೆ' ಎಂಬ ಉಪಶೀರ್ಷಿಕೆಯ ಕೆಳಗೆ ಅದನ್ನು ಇಟ್ಟೆವು.

ಏಳನೆಯದು ಪ್ರಿಪ್ರಿಂಟ್. ತೆರೆದು ನೋಡಿದರೆ ಎರಡನೆಯ ಪೇಪರಿನದೇ ಹಳೆಯ ರೂಪ, ಜರ್ನಲ್‌ಗೆ ಹೋಗುವ ಮೊದಲು ಬಯೋಆರ್ಕೈವ್‌ನಲ್ಲಿ ಹಾಕಿದ್ದು, ಶೀರ್ಷಿಕೆಯಲ್ಲಿ ಎರಡು ಪದ ಬೇರೆ.

'ಸರ್, ಅದಕ್ಕೂ ಬೇರೆ ಡಿಒಐ ಇದೆಯಲ್ಲ, ಬೇರೆ ಪೇಪರ್ ಅಂತ ಲೆಕ್ಕ ಅಲ್ವಾ?' ಅಂದರು.

'ಕೆಲಸ ಒಂದೇ ತಾನೆ? ಸಮಿತಿಯಲ್ಲಿ ಒಬ್ಬರು ಎರಡನ್ನೂ ತೆರೆದು ನೋಡಿದರೆ ಆಮೇಲೆ ಉಳಿದ ಏಳನ್ನೂ ಅನುಮಾನದಿಂದ ನೋಡ್ತಾರಮ್ಮ' ಅಂದೆ.

ತೆಗೆದರು. ಎಂಟನೆಯದು ಸಮ್ಮೇಳನದ ಸಾರಾಂಶ ಪುಸ್ತಿಕೆಯಲ್ಲಿ ಬಂದ ಅರ್ಧ ಪುಟ. ಪೂರ್ಣ ಲೇಖನವಾಗಿ ಸಮ್ಮೇಳನದ ಸಂಪುಟದಲ್ಲಿ ಬಂದಿದ್ದರೆ ಪ್ರಕಟಣೆ ಎನ್ನಬಹುದು. ಕಂಪ್ಯೂಟರ್ ವಿಜ್ಞಾನದಲ್ಲಂತೂ ಅಂಥವಕ್ಕೆ ಜರ್ನಲ್‌ನಷ್ಟೇ ಬೆಲೆ. ಬರೀ ಸಾರಾಂಶವಾದರೆ ಅದರ ಜಾಗ ಭಾಷಣಗಳ ಕೆಳಗೆ. ಅಲ್ಲಿಗೆ ಕಳಿಸಿದೆವು.

ಒಂಬತ್ತನೆಯದು ನನಗೆ ಬಹಳ ಇಷ್ಟವಾದದ್ದು: ಹೊಲದ ಬದುಗಳ ಗಿಡಗಳ ಬಗ್ಗೆ ಅವರು ಕನ್ನಡದಲ್ಲಿ ಬರೆದ ಲೇಖನ. ಅದನ್ನು ಇಂಗ್ಲಿಷ್ ಅನುವಾದದ ಶೀರ್ಷಿಕೆಯಲ್ಲಿ ಮಾತ್ರ ಹಾಕಿ ಜರ್ನಲ್ ಪೇಪರುಗಳ ನಡುವೆ ಸೇರಿಸಿಬಿಟ್ಟಿದ್ದರು. ಹುಡುಕಲು ಹೊರಟವರಿಗೆ ಅಂಥ ಶೀರ್ಷಿಕೆಯ ಲೇಖನವೇ ಸಿಗುವುದಿಲ್ಲ. ಕನ್ನಡ ಬರಹವನ್ನು ಇಂಗ್ಲಿಷ್ ಸಿವಿಯಲ್ಲಿ ಹಾಕುವಾಗ ಮೂಲ ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಬರೆದು, ಅನುವಾದವನ್ನು ಚೌಕ ಕಂಸದಲ್ಲಿ ಕೊಡುವುದು ಎಪಿಎ ಕ್ರಮ. ಆರ್. ನರಸಿಂಹಾಚಾರ್ಯರ ಕವಿಚರಿತೆಯ ಮೊದಲ ಸಂಪುಟ 1907ರದು, ಅದು ಹೀಗೆ ಬರುತ್ತದೆ:

```
Karnataka kavicharite [Lives of the Kannada poets] (Vol. 1)
```

ಕನ್ನಡ ಅಧ್ಯಯನದವರ ಸಿವಿಯಲ್ಲಿ ಇಂಥ ನಮೂದುಗಳೇ ಹೆಚ್ಚಿರುವುದರಿಂದ ಅವರು ಲಿಪ್ಯಂತರದಲ್ಲೂ ಒಂದು ಕ್ರಮ ಹಿಡಿಯಬೇಕಾಗುತ್ತದೆ. ಅಕ್ಷರದ ಮೇಲೆ ಗೆರೆ, ಕೆಳಗೆ ಚುಕ್ಕಿ ಇರುವ ಪಂಡಿತರ ಪದ್ಧತಿಯಾದರೆ ಪೂರ್ತಿ ಅದೇ, ಮೇಲಿನಂತೆ ಸಾದಾ ಅಕ್ಷರವಾದರೆ ಪೂರ್ತಿ ಅದೇ. ಒಂದು ಪುಸ್ತಕದಲ್ಲಿ 'ಚ'ಗೆ `c`, ಇನ್ನೊಂದರಲ್ಲಿ `ch` ಎಂದಿದ್ದರೆ ಗ್ರಂಥಾಲಯದ ಸೂಚಿಯಲ್ಲಿ ಹುಡುಕುವವರು ದಾರಿ ತಪ್ಪುತ್ತಾರೆ. ನಮ್ಮ ವಿದ್ಯಾರ್ಥಿನಿಗೆ ಇದ್ದದ್ದು ಒಂದೇ ಆದ್ದರಿಂದ 'ಕನ್ನಡ ಬರಹ' ಎಂಬ ಪುಟ್ಟ ಉಪಶೀರ್ಷಿಕೆ ಮಾಡಿ ಎರಡು ಸಾಲಿನಲ್ಲಿ ಕೂರಿಸಿದೆವು. ಪಟ್ಟಿಯ ತುದಿಯಲ್ಲಿದ್ದರೂ ಅದು ಎದ್ದು ಕಾಣುತ್ತಿತ್ತು.

ಹೀಗೆ ಪೇಪರುಗಳು ಆರು. ಒಂದಕ್ಕೆ ಮೂರು ಸಾಲಿನಂತೆ ಹದಿನೆಂಟು, ಕನ್ನಡ ಲೇಖನದ ಎರಡು, ಮಿಕ್ಕದ್ದು ಶೀರ್ಷಿಕೆ, ಉಪಶೀರ್ಷಿಕೆ, ನಡುವಿನ ಖಾಲಿ ಜಾಗ. ಮೂವತ್ತು ಸಾಲಿನೊಳಗೆ ಬಂತು. ಇಪ್ಪತ್ತು ಪೇಪರ್ ಇರುವವರು ಏನು ಮಾಡಬೇಕು? 'ಆಯ್ದ ಪ್ರಕಟಣೆಗಳು, 20ರಲ್ಲಿ 8' ಎಂದು ಶೀರ್ಷಿಕೆಯಲ್ಲೇ ಒಟ್ಟು ಸಂಖ್ಯೆಯನ್ನು ಹೇಳಿ, ಪೂರ್ತಿ ಪಟ್ಟಿಗೆ ಆರ್ಕಿಡ್ ಕೊಂಡಿ ಕೊಡಬೇಕು. ಬರೀ 'ಆಯ್ದ' ಎಂದರೆ ಬಿಟ್ಟದ್ದು ಎರಡೋ ಇಪ್ಪತ್ತೋ ಗೊತ್ತಾಗುವುದಿಲ್ಲ.

ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಪ್ರತಿ ನಮೂದಿನ ಮುಂದೆ ಕಂಸದಲ್ಲಿ ಹಾಕುವ ರೂಢಿ ನಮ್ಮಲ್ಲಿದೆ. ಅದು ಜರ್ನಲ್‌ನ ಸರಾಸರಿ, ಆ ಪೇಪರಿನದಲ್ಲ. ಜರ್ನಲ್‌ನ ಅಂಕಿಯಿಂದ ಪೇಪರನ್ನಾಗಲಿ ಸಂಶೋಧಕರನ್ನಾಗಲಿ ಅಳೆಯಬೇಡಿ ಎಂದು ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ 2012ರಿಂದ ಹೇಳುತ್ತಿದೆ, ಅದಕ್ಕೆ ಸಹಿ ಹಾಕಿದ ಸಂಸ್ಥೆಗಳಿಗೆ ಆ ಅಂಕಿ ಕಳಿಸುವುದು ಮುಜುಗರ. ನಮ್ಮ ಹುದ್ದೆಗಳ ಅರ್ಜಿಯಲ್ಲಿ ಕೇಳಿದರೆ ಅಲ್ಲಿ ತುಂಬಿ. 'ಯುಜಿಸಿ ಕೇರ್ ಪಟ್ಟಿಯದು' ಎಂಬ ಲೇಬಲ್ ಕೂಡ ಹಾಗೆಯೇ, ಆ ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದೆ.

ಇಷ್ಟನ್ನೂ ಕೈಯಿಂದ ಟೈಪ್ ಮಾಡಬೇಕಿಲ್ಲ. ಜೊಟೆರೊ ಎಂಬ ಉಚಿತ ತಂತ್ರಾಂಶಕ್ಕೆ ಡಿಒಐ ಕೊಟ್ಟರೆ ವಿವರಗಳನ್ನು ತಾನೇ ತರುತ್ತದೆ, ಶೈಲಿ ಆರಿಸಿದರೆ ಪಟ್ಟಿ ಮಾಡಿಕೊಡುತ್ತದೆ. ಆದರೆ ಅದು ತಂದದ್ದನ್ನು ಹಾಗೇ ನಂಬಬಾರದು. ಪ್ರಕಾಶಕರು ಕೊಟ್ಟ ಶೀರ್ಷಿಕೆಯಲ್ಲಿ ಪ್ರತಿ ಪದವೂ ದೊಡ್ಡಕ್ಷರದಿಂದ ಶುರುವಾಗಿದ್ದರೆ ಪಟ್ಟಿಯಲ್ಲೂ ಹಾಗೇ ಬರುತ್ತದೆ, ಎಪಿಎಗೆ ಬೇಕಾದದ್ದು ಮೊದಲ ಪದಕ್ಕೆ, ಉಪಶೀರ್ಷಿಕೆಯ ಮೊದಲ ಪದಕ್ಕೆ ಮತ್ತು ಅಂಕಿತನಾಮಕ್ಕೆ ಮಾತ್ರ. ಶೀರ್ಷಿಕೆಯನ್ನು ಜೊಟೆರೊದ ಒಳಗೇ ತಿದ್ದಿಟ್ಟರೆ ಮತ್ತೆ ಮತ್ತೆ ತಿದ್ದುವ ಕೆಲಸವಿಲ್ಲ. ಸಸ್ಯಗಳ ವೈಜ್ಞಾನಿಕ ಹೆಸರು ಓರೆ ಅಕ್ಷರದಲ್ಲಿ ಬರಬೇಕಾದರೆ ಅಲ್ಲೇ ಹೀಗೆ ಬರೆಯಬೇಕು: `<i>Oryza sativa</i>`. ಇನ್ನೊಂದು ಬಲೆಯಿದೆ. ಮಾಮೂಲು ಎಪಿಎ ಶೈಲಿ ಪಟ್ಟಿಯನ್ನು ಲೇಖಕರ ಅಕಾರಾದಿಯಲ್ಲಿ ಜೋಡಿಸುತ್ತದೆ, ಪ್ರಬಂಧದ ಕೊನೆಯಲ್ಲಿ ಇರಬೇಕಾದಂತೆ. ಸಿವಿಗೆ ಬೇಕಾದದ್ದು ಹೊಸದು ಮೊದಲು ಎಂಬ ಕ್ರಮ. ಜೊಟೆರೊದ ಶೈಲಿ ಸಂಗ್ರಹದಲ್ಲಿ ಹೆಸರಿನಲ್ಲೇ `curriculum vitae` ಎಂದಿರುವ ಎಪಿಎ ರೂಪವೊಂದಿದೆ, ಅದು ಹೊಸದನ್ನು ಮೇಲೆ ಇಡುತ್ತದೆ. ಆರು ಪೇಪರಿಗಾದರೆ ಕೈಯಿಂದ ಜೋಡಿಸಿದರೂ ಆದೀತು.

ಶೀರ್ಷಿಕೆಗಳ ವಿಷಯ ಬೇಗ ಮುಗಿಯುತ್ತದೆ, ಆದರೂ ತಪ್ಪುವವರೇ ಹೆಚ್ಚು. ಅಕ್ಷರವನ್ನು ದಪ್ಪ ಮಾಡಿ, ದೊಡ್ಡದು ಮಾಡಿ, ಅಡಿಗೆರೆ ಎಳೆದದ್ದು ಕಣ್ಣಿಗೆ ಶೀರ್ಷಿಕೆ, ಕಂಪ್ಯೂಟರಿಗೆ ಅಲ್ಲ. ವರ್ಡ್ ಅಥವಾ ಲಿಬ್ರೆಆಫೀಸ್‌ನ `Heading 1` ಶೈಲಿಯನ್ನೇ ಬಳಸಿದರೆ ಒಂದನ್ನು ಬದಲಿಸಿದಾಗ ಎಲ್ಲವೂ ಬದಲಾಗುತ್ತವೆ, ಪಿಡಿಎಫ್‌ನಲ್ಲಿ ಬುಕ್‌ಮಾರ್ಕ್ ಮೂಡಿಸಬಹುದು, ದೃಷ್ಟಿ ಇಲ್ಲದ ಓದುಗರ ತಂತ್ರಾಂಶಕ್ಕೆ ವಿಭಾಗಗಳು ತಿಳಿಯುತ್ತವೆ. ಅದರೊಳಗೇ ಇರುವ `Keep with next` ಎಂಬ ಗುಣ ಶೀರ್ಷಿಕೆ ಪುಟದ ತಳದಲ್ಲಿ ಒಂಟಿಯಾಗಿ ಉಳಿಯಲು ಬಿಡುವುದಿಲ್ಲ. ಇಸವಿಗಳನ್ನು ಬಲ ಅಂಚಿಗೆ ತಳ್ಳಲು ಸ್ಪೇಸ್‌ಬಾರ್ ಒತ್ತುತ್ತಾ ಕೂರುವುದೂ ಬೇಡ, ಬಲಕ್ಕೆ ಹೊಂದುವ ಒಂದು ಟ್ಯಾಬ್ ಇಟ್ಟರೆ ಸಾಕು. ನಮೂದಿನ ಮೊದಲ ಸಾಲು ಹೊರಗಿದ್ದು ಉಳಿದವು ಒಳಸರಿದರೆ ಲೇಖಕರ ಹೆಸರು ಎಡ ಅಂಚಿನಲ್ಲಿ ಎದ್ದು ನಿಲ್ಲುತ್ತದೆ, ವರ್ಡ್‌ನಲ್ಲಿ `Ctrl+T` ಒತ್ತಿದರೆ ಅದು ಆಗುತ್ತದೆ. ಹೆಸರು ಮತ್ತು 'ಪುಟ 2/2' ಎಂಬುದು ಅಡಿಟಿಪ್ಪಣಿಯ ಜಾಗದಲ್ಲಿರಲಿ, ಮುದ್ರಿಸಿದವರ ಮೇಜಿನ ಮೇಲೆ ಹಾಳೆಗಳು ಬೆರೆತುಹೋಗುವುದುಂಟು.

ಕೊನೆಯ ಪರೀಕ್ಷೆ ಪಿಡಿಎಫ್ ಆದ ಮೇಲೆ. ಫೈಲ್ ತೆರೆದು ಎಲ್ಲವನ್ನೂ ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಅಂತರ್ಜಾಲದಲ್ಲಿ ಸಿಗುವ ಎರಡು ಅಂಕಣದ ಅಂದದ ಟೆಂಪ್ಲೇಟ್ ಬಳಸಿದ್ದರೆ ಎಡ ಅಂಕಣದ ಸಾಲುಗಳು ಬಲ ಅಂಕಣದ ನಡುವೆ ತೂರಿಕೊಂಡಿರಬಹುದು. ಅರ್ಜಿಗಳನ್ನು ತಂತ್ರಾಂಶ ಓದುವ ಕಡೆ ಸಿವಿ ಅದೇ ರೂಪದಲ್ಲಿ ತಲುಪುತ್ತದೆ. ನಮ್ಮವರು ನೋಡಬೇಕಾದದ್ದು ಇನ್ನೊಂದಿದೆ. ಕನ್ನಡ ಲೇಖನದ ಹೆಸರನ್ನು ಕನ್ನಡ ಲಿಪಿಯಲ್ಲೂ ಕೊಟ್ಟು, ಅದನ್ನು ನುಡಿಯ ಹಳೆಯ, ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದ್ದರೆ ನಿಮ್ಮ ಪರದೆಯ ಮೇಲೆ ಕನ್ನಡವೇ ಕಾಣುತ್ತದೆ, ನೋಟ್‌ಪ್ಯಾಡ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಉದುರುತ್ತವೆ. ವರ್ಡ್ ಫೈಲನ್ನೇ ಕಳಿಸಿದರೆ ಆ ಫಾಂಟ್ ಇಲ್ಲದ ಎದುರಿನವರಿಗೆ ಕಾಣುವುದೂ ಅದೇ. ಆ ಸಾಲನ್ನು ಯುನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿ ತುಂಗಾ ಅಥವಾ ನೋಟೊ ಸೆರಿಫ್ ಕನ್ನಡ ಫಾಂಟ್ ಹಾಕಿ, ಪಿಡಿಎಫ್ ಮಾಡಿ, ಇನ್ನೊಂದು ಸಲ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಬೇಕು. ಒತ್ತಕ್ಷರಗಳು ಒಮ್ಮೊಮ್ಮೆ ಆಗಲೂ ಕೆಡುತ್ತವೆ, ಹಾಗಾದರೆ ಆ ಸಾಲಿಗೆ ರೋಮನ್ ಲಿಪ್ಯಂತರವೊಂದೇ ಸಾಕು.

ಫೈಲಿನ ಹೆಸರಿನಲ್ಲಿ `final2_new` ಎಂದಿರುವುದನ್ನು ತೆಗೆದು ತಮ್ಮ ಹೆಸರನ್ನೂ `CV` ಎಂಬುದನ್ನೂ ಹಾಕಿ ನಮ್ಮ ವಿದ್ಯಾರ್ಥಿನಿ ಕಳಿಸಿದರು. ಐದು ಪುಟದ ಹಳೆಯದನ್ನೂ ಅಳಿಸಿಲ್ಲ. ಸರ್ಕಾರಿ ಕಾಲೇಜಿನ ಅರ್ಜಿ ಕರೆದಾಗ ಅದು ಬೇಕಾಗುತ್ತದೆ, ಡಿಕ್ಲರೇಷನ್ ಸಮೇತ.